ಕ್ಯಾಸೆಟ್ಟಿನೊಳಗೆ ಉಳಿದುಹೋದ ಕರೆಂಟಿನ ಸದ್ದು

ಮಂಗಳೂರಿನ ಹಂಪನಕಟ್ಟೆಯ ಆಸುಪಾಸಿನ ಸಭಾಂಗಣಗಳಲ್ಲಿ ತಾಳಮದ್ದಲೆ ಹೊಸದಲ್ಲ. ಕುದ್ಮುಲ್ ರಂಗರಾವ್ ಪುರಭವನವೂ ಅಲ್ಲೇ ಹತ್ತಿರದಲ್ಲಿದೆ. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಬಯಲಾಟಕ್ಕೆ ಎಡೆಯಿಲ್ಲದಾಗ, ಕರಾವಳಿಯ ರಸಿಕರು ಇಂಥ ಸಭಾಂಗಣಗಳಲ್ಲಿ ಕುಳಿತು ಅರ್ಥ ಕೇಳುತ್ತಾರೆ. ಕ್ಯಾಸೆಟ್ ಬಂದ ಕಾಲದಿಂದ ಆ ಅರ್ಥವನ್ನು ಹಿಡಿದಿಡುವ ಹವ್ಯಾಸವೂ ಬೆಳೆಯಿತು, ಮನೆಮನೆಯ ಕಪಾಟುಗಳಲ್ಲಿ ಅಂಥ ಕ್ಯಾಸೆಟ್ಟುಗಳು ಈಗಲೂ ಇವೆ. ಅವನ್ನು ಕಂಪ್ಯೂಟರಿಗೆ ಇಳಿಸುವಾಗ ಮೊದಲು ಕಿವಿಗೆ ಬೀಳುವುದು ಎಷ್ಟೋ ಸಲ ಅರ್ಥಧಾರಿಯ ಮಾತಲ್ಲ, ಮಾತಿನ ನಡುವಿನ ಮೌನದಲ್ಲಿ ಕೇಳುವ ‘ಗುಂಯ್’ ಎಂಬ ದಪ್ಪ ಸದ್ದು ಮತ್ತು ಅದರ ಮೇಲೆ ಕುಳಿತ ‘ಜರ್ರ್’ ಎಂಬ ಒರಟು ಸದ್ದು. ಎರಡೂ ಕರೆಂಟಿನವೇ. ಭಾರತದ ಕರೆಂಟು 50 ಹರ್ಟ್ಸ್, ಆದ್ದರಿಂದ 50, 100, 150, 200 ಎಂದು ಒಂದೊಂದು ನಾಚ್ ಫಿಲ್ಟರ್ ಹಾಕಿದರೆ ಸಾಕು ಎಂಬುದು ಎಲ್ಲರೂ ಕೊಡುವ ಸಲಹೆ. ನಮ್ಮ ಊರಿನ ಹಳೆಯ ಕ್ಯಾಸೆಟ್ಟುಗಳ ಮಟ್ಟಿಗೆ ಈ ಸಲಹೆ ತಪ್ಪು ಎಂಬುದು ಈ ಅಧ್ಯಾಯದ ವಾದ. ಆ ಕ್ಯಾಸೆಟ್ಟುಗಳೊಳಗಿನ ಸದ್ದು ಬಹುಮಟ್ಟಿಗೆ 50ರಲ್ಲಿ ಇರುವುದೇ ಇಲ್ಲ. ಎಲ್ಲಿದೆ, ಎಷ್ಟು ಅಲೆದಿದೆ ಎಂದು ಅಳೆಯದೆ ಕತ್ತರಿ ಹಾಕಿದರೆ ಸದ್ದು ಉಳಿಯುತ್ತದೆ, ಹಾಡು ಹೋಗುತ್ತದೆ.

ಮೊದಲು ಸದ್ದು ಒಳಗೆ ಬಂದ ದಾರಿಯನ್ನು ನೋಡೋಣ. ವೇದಿಕೆಯ ಪಕ್ಕದಲ್ಲಿ ಮೈಕ್ ಸೆಟ್ಟಿನವರ ಆಂಪ್ಲಿಫೈಯರ್ ಇದೆ, ತ್ರೀ ಪಿನ್ ಪ್ಲಗ್ಗಿನ ಮೂಲಕ ಅದಕ್ಕೆ ಅಲ್ಲಿನ ಅರ್ತಿಂಗ್ ಸಿಕ್ಕಿದೆ. ಸಭಾಂಗಣದ ಹಿಂದಿನ ಗೋಡೆಯ ಹತ್ತಿರ ರೆಕಾರ್ಡಿಂಗ್ ಮಾಡುವವರ ಮಿಕ್ಸರ್ ಇದೆ, ಅದಕ್ಕೆ ಇನ್ನೊಂದು ಸಾಕೆಟ್ಟಿನ ಅರ್ತಿಂಗ್. ಇವೆರಡನ್ನೂ ಒಂದು ಉದ್ದನೆಯ ಶೀಲ್ಡ್ ವೈರ್ ಜೋಡಿಸುತ್ತದೆ. ಒಳತಂತಿ ಧ್ವನಿಯನ್ನು ಒಯ್ಯುತ್ತದೆ, ಹೊರಗಿನ ಹೆಣೆದ ತಂತಿ ಎರಡು ಯಂತ್ರಗಳ ಅರ್ತನ್ನು ಸೇರಿಸುತ್ತದೆ. ಈಗ ಗೋಡೆಯೊಳಗಿನ ಅರ್ತ್ ತಂತಿ ಮತ್ತು ನೆಲದ ಮೇಲಿನ ಈ ಹೆಣೆದ ತಂತಿ ಸೇರಿ ಒಂದು ದೊಡ್ಡ ಸುತ್ತು ಪೂರ್ತಿಯಾಯಿತು. ಇದೇ ಗ್ರೌಂಡ್ ಲೂಪ್. ಎರಡು ಸಾಕೆಟ್ಟುಗಳ ಅರ್ತುಗಳ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ. ಜೊತೆಗೆ ಸುತ್ತಿನೊಳಗೆ ಹಾಯುವ ಕಾಂತಕ್ಷೇತ್ರವೂ ಅದರಲ್ಲಿ ಕರೆಂಟು ಹುಟ್ಟಿಸುತ್ತದೆ. ಹೆಣೆದ ತಂತಿಯ ರೋಧ 1 ಓಮ್ ಎಂದೂ ಅದರಲ್ಲಿ ಹರಿಯುವ ಕರೆಂಟು 10 ಮಿಲಿಆಂಪಿಯರ್ ಎಂದೂ ಇಟ್ಟುಕೊಳ್ಳಿ, ಅದರ ಎರಡು ತುದಿಗಳ ನಡುವೆ 10 ಮಿಲಿವೋಲ್ಟ್ ಕಾಣುತ್ತದೆ. ಸಾಮಾನ್ಯ ಮನೆಬಳಕೆಯ ಯಂತ್ರಗಳಲ್ಲಿ ಧ್ವನಿಯ ಸಂಕೇತ ಸುಮಾರು 300 ಮಿಲಿವೋಲ್ಟ್. ಅಂದರೆ ಕರೆಂಟಿನ ಸದ್ದು ಧ್ವನಿಗಿಂತ ಬರೀ 30 ಡೆಸಿಬೆಲ್ ಕೆಳಗೆ ಬಂದು ಕೂರುತ್ತದೆ. ಚೆಂಡೆ ಬಾರಿಸುವಾಗ ಅದು ಕೇಳಿಸದು. ಕರ್ಣನೋ ಭೀಷ್ಮನೋ ಮಾತು ನಿಲ್ಲಿಸಿ ಉಸಿರೆಳೆದುಕೊಂಡಾಗ ಮಾತ್ರ ಅದೇ ಕೇಳಿಸುತ್ತದೆ.

ಮನೆಗೆ ಬರುವ ಕರೆಂಟಿನ ಅಲೆ ನುಣುಪಾಗಿರುವುದಿಲ್ಲ. ಟ್ರಾನ್ಸ್‌ಫಾರ್ಮರುಗಳು, ಟ್ಯೂಬ್‌ಲೈಟಿನ ಚೋಕ್, ವೇದಿಕೆಯ ಬೆಳಕನ್ನು ಏರಿಸಿ ಇಳಿಸುವ ಡಿಮ್ಮರ್ ಎಲ್ಲವೂ ಅದನ್ನು ಮುರಿದು, ಮೊನಚು ಮಾಡಿಬಿಡುತ್ತವೆ. ಮೊನಚಾದ ಆದರೆ ತಪ್ಪದೆ ಮರುಕಳಿಸುವ ಅಲೆಯಲ್ಲಿ ಮೂಲ ಆವರ್ತನದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವರ್ತನಗಳೂ ಸೇರಿರುತ್ತವೆ, ಇವೇ ಹಾರ್ಮೋನಿಕ್‌ಗಳು. ನಮಗೆ ‘ಗುಂಯ್’ ಎಂದು ಕೇಳುವುದು ಮೊದಲ ಒಂದೆರಡು, ‘ಜರ್ರ್’ ಎಂದು ಕೇಳುವುದು ಮೇಲಿನ ಹತ್ತಿಪ್ಪತ್ತು. ಯಾವುವು ಎದ್ದು ನಿಂತಿವೆ ಎಂಬುದರಿಂದಲೇ ರೋಗದ ಸುಳಿವೂ ಸಿಗುತ್ತದೆ. 50, 150, 250 ಎಂಬ ಬೆಸ ಸಂಖ್ಯೆಯವು ದೊಡ್ಡದಾಗಿದ್ದರೆ ಮೇನ್ಸ್ ಕರೆಂಟೇ ಸುತ್ತಿನೊಳಗೆ ಹರಿಯುತ್ತಿದೆ ಎಂದು ಶಂಕಿಸಬೇಕು. ಬರೀ 100, 200, 300 ಕಂಡರೆ ಯಂತ್ರದೊಳಗಿನ ಪವರ್ ಸಪ್ಲೈಯ ಕೆಪಾಸಿಟರ್ ಸೊರಗಿರುವ ಸಂಭವ ಹೆಚ್ಚು, ಅಲ್ಲಿ ಅರ್ತಿಂಗ್ ಹುಡುಕುತ್ತ ಕೂತು ಪ್ರಯೋಜನವಿಲ್ಲ.

ಇನ್ನು ನಮ್ಮ ಊರಿನ ವಿಶೇಷಕ್ಕೆ ಬರೋಣ. ಕರೆಂಟಿನ ಆವರ್ತನವೆಂದರೆ ಜಲವಿದ್ಯುತ್, ಉಷ್ಣವಿದ್ಯುತ್ ಘಟಕಗಳ ಜನರೇಟರುಗಳು ತಿರುಗುವ ವೇಗ. ಬೇಡಿಕೆ ಉತ್ಪಾದನೆಯನ್ನು ಮೀರಿದರೆ ಅವು ನಿಧಾನವಾಗುತ್ತವೆ, ಬೇಡಿಕೆ ಕುಸಿದರೆ ವೇಗ ಹೆಚ್ಚಿಸಿಕೊಳ್ಳುತ್ತವೆ. ಕರ್ನಾಟಕ ಸೇರಿದ ದಕ್ಷಿಣ ಜಾಲ 1990ರ ದಶಕದಲ್ಲಿ ವಿದ್ಯುತ್ ಕೊರತೆಯಲ್ಲೇ ದಿನ ದೂಡುತ್ತಿತ್ತು. ಆಗ ಆವರ್ತನ 49ಕ್ಕಿಂತ ಕೆಳಗೆ ಇಳಿಯುವುದು ಸಾಮಾನ್ಯವಾಗಿತ್ತು, ದೇಶದ ಜಾಲಗಳಲ್ಲಿ ಅದು 48ರಿಂದ 52ರವರೆಗೂ ಓಡಾಡಿದ್ದುಂಟು. ಆವರ್ತನ ಕುಸಿದಾಗ ಜಾಲದಿಂದ ಹೆಚ್ಚು ಎಳೆದುಕೊಳ್ಳುವವರಿಗೆ ಹೆಚ್ಚು ದರ ವಿಧಿಸುವ ಪದ್ಧತಿ ದಕ್ಷಿಣ ಪ್ರದೇಶದಲ್ಲಿ 2003ರ ಜನವರಿ 1ರಂದು ಜಾರಿಗೆ ಬಂದ ಮೇಲೆ ಈ ಓಲಾಟ ಬಹಳ ತಗ್ಗಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣ ಜಾಲ ದೇಶದ ಉಳಿದ ಜಾಲದೊಂದಿಗೆ ಒಂದೇ ತಾಳಕ್ಕೆ ಬಂತು. ಈಗ ನಿಯಮದ ಪ್ರಕಾರ 49.90ರಿಂದ 50.05ರೊಳಗೆ ಇರಬೇಕು. ಹಾಗಾಗಿ ಇವತ್ತಿನ ಕರೆಂಟಿಗೆ ಸರಿಹೊಂದುವ 50 ಎಂಬ ಸಂಖ್ಯೆಯನ್ನು 1994ರ ಕ್ಯಾಸೆಟ್ಟಿಗೆ ಹೊಂದಿಸಲು ಹೋಗಬಾರದು. ಮೂಲದಲ್ಲಿ ತಪ್ಪು ಒಂದು ಹರ್ಟ್ಸ್ ಇದ್ದರೆ ಹತ್ತನೆಯ ಹಾರ್ಮೋನಿಕ್‌ನಲ್ಲಿ ಹತ್ತು ಹರ್ಟ್ಸ್, ಇಪ್ಪತ್ತನೆಯದರಲ್ಲಿ ಇಪ್ಪತ್ತು ಆಗುತ್ತದೆ. ಮೇಲಿನ ಫಿಲ್ಟರುಗಳೆಲ್ಲ ಖಾಲಿ ಜಾಗವನ್ನು ಕತ್ತರಿಸುತ್ತ ಹೋಗುತ್ತವೆ.

ಒಂದು ಮಾದರಿಯನ್ನು ಕೈಗೆತ್ತಿಕೊಂಡು ಹಂತಹಂತವಾಗಿ ನೋಡೋಣ. 1990ರ ದಶಕದಲ್ಲಿ ಮೇಲೆ ಹೇಳಿದಂಥ ಜೋಡಣೆಯಲ್ಲಿ ಮುದ್ರಿಸಿದ ಒಂದು ತಾಳಮದ್ದಲೆ ಕ್ಯಾಸೆಟ್, ಅದನ್ನು ಇಂದು ಮನೆಯಲ್ಲಿ ಡೆಕ್, ಆಂಪ್ಲಿಫೈಯರ್, ಡೆಸ್ಕ್‌ಟಾಪ್ ಕಂಪ್ಯೂಟರ್ ಈ ಸಾಲಿನಲ್ಲಿ ಇಳಿಸಲಾಗಿದೆ ಎಂದುಕೊಳ್ಳಿ. ಆಂಪ್ಲಿಫೈಯರಿಗೂ ಕಂಪ್ಯೂಟರಿಗೂ ತ್ರೀ ಪಿನ್, ಸಾಲದ್ದಕ್ಕೆ ಕಂಪ್ಯೂಟರಿನಿಂದ ಟಿವಿಗೆ ಒಂದು ತಂತಿ, ಟಿವಿಗೆ ಕೇಬಲ್‌ನವರ ತಂತಿ. ಅಂದರೆ ಇಳಿಸುವಾಗಲೂ ಹೊಸದೊಂದು ಗ್ರೌಂಡ್ ಲೂಪ್. ಕಡತವನ್ನು ಆಡಾಸಿಟಿಯಲ್ಲಿ ತೆರೆದು, ಯಾರೂ ಮಾತಾಡದ ಎರಡು ಮೂರು ಸೆಕೆಂಡಿನ ಜಾಗವನ್ನು ಆಯ್ದು Plot Spectrum ನೋಡಿದರೆ ಸಾಲುಸಾಲು ಗೆರೆಗಳು ಕಾಣುತ್ತವೆ. ಇಲ್ಲಿ ಎಲ್ಲರೂ 50ರ ಹತ್ತಿರದ ಗೆರೆಯನ್ನೇ ದಿಟ್ಟಿಸುತ್ತಾರೆ, ಆದರೆ ಅಲ್ಲಿ ಸರಿಯಾದ ಉತ್ತರ ಸಿಗದು. ಸೆಕೆಂಡಿಗೆ 44,100 ಮಾದರಿಗಳ ಕಡತದಲ್ಲಿ 65536 ಮಾದರಿಗಳ ಕಿಟಕಿ ಇಟ್ಟರೆ ಸುಮಾರು ಒಂದೂವರೆ ಸೆಕೆಂಡಿನ ಧ್ವನಿಯನ್ನು ನೋಡಿದಂತಾಗುತ್ತದೆ, ಅದರ ಒಂದೊಂದು ಮೆಟ್ಟಿಲು 0.67 ಹರ್ಟ್ಸ್. ಆ ಒರಟುತನದಲ್ಲಿ 49.3 ಮತ್ತು 50 ಎರಡೂ ಸೇರಿ ಒಂದೇ ದಪ್ಪ ಗುಡ್ಡೆಯಾಗಿ ಕಾಣುತ್ತವೆ. ನೋಡಬೇಕಾದದ್ದು ಮೇಲಿನ ಗೆರೆಗಳನ್ನು. 500ರ ಹತ್ತಿರ ಹೋದರೆ ಒಂದು ಗೆರೆ 500ರಲ್ಲಿ, ಇನ್ನೊಂದು 493ರಲ್ಲಿ ಬೇರೆ ಬೇರೆ ನಿಂತಿವೆ. 1000ದ ಹತ್ತಿರ ಒಂದು 1000ದಲ್ಲಿ, ಇನ್ನೊಂದು 986ರಲ್ಲಿ. 986ನ್ನು 20ರಿಂದ ಭಾಗಿಸಿದರೆ 49.3. ಮೆಟ್ಟಿಲಿನ ಒರಟುತನವೂ 20ರಿಂದ ಭಾಗವಾಗುವುದರಿಂದ ಈ 49.3ರಲ್ಲಿರುವ ಅನುಮಾನ ಒಂದು ಹರ್ಟ್ಸಿನ ಮೂವತ್ತನೇ ಒಂದು ಭಾಗದಷ್ಟು ಮಾತ್ರ.

ಎರಡು ಸಾಲು ಗೆರೆಗಳು ಎಂದರೆ ಎರಡು ಕಾಲದ ಎರಡು ಸದ್ದುಗಳು. 49.3ರದ್ದು ಅಂದು ಸಭಾಂಗಣದಲ್ಲಿ ಟೇಪಿನೊಳಗೆ ಸೇರಿದ್ದು, 50ರದ್ದು ಇಂದು ಮನೆಯಲ್ಲಿ ಸೇರಿದ್ದು. ಖಚಿತಪಡಿಸಿಕೊಳ್ಳಲು ಟೇಪನ್ನು ನಿಲ್ಲಿಸಿ, ಉಳಿದೆಲ್ಲವನ್ನೂ ಹಾಗೆಯೇ ಬಿಟ್ಟು ಹತ್ತು ಸೆಕೆಂಡು ಮುದ್ರಿಸಿ. ಆಗಲೂ ಉಳಿಯುವ ಗೆರೆಗಳು ಇಂದಿನವು. ಇನ್ನೊಂದು ಗುರುತೂ ಇದೆ: ಇಂದಿನ ಗೆರೆಗಳು ಚೂಪು, ಟೇಪಿನವು ಮಬ್ಬು. ಕ್ಯಾಸೆಟ್ಟಿನ ಮೋಟಾರು, ರೋಲರುಗಳು ಒಂದೇ ವೇಗದಲ್ಲಿ ಓಡುವುದಿಲ್ಲ, ಸಾಧಾರಣ ಡೆಕ್ಕಿನಲ್ಲಿ ವೇಗ ಶೇಕಡಾ 0.1ರಿಂದ 0.2ರಷ್ಟು ಸದಾ ನಡುಗುತ್ತದೆ, 986ರ ಗೆರೆ ಅದರಿಂದ ಒಂದೆರಡು ಹರ್ಟ್ಸ್ ಆಚೀಚೆ ಹರಡಿಕೊಳ್ಳುತ್ತದೆ. ಇವೆರಡರಲ್ಲಿ ಇಂದಿನ ಸದ್ದಿಗೆ ಫಿಲ್ಟರ್ ಹಾಕುವುದೇ ತಪ್ಪು. ಟಿವಿಯ ತಂತಿಯನ್ನು ಕಿತ್ತು, ಬ್ಯಾಟರಿಯ ಮೇಲೆ ಓಡುವ ಲ್ಯಾಪ್‌ಟಾಪಿಗೆ ಡೆಕ್ಕಿನಿಂದ ನೇರವಾಗಿ ತಂತಿ ಎಳೆದು ಮತ್ತೊಮ್ಮೆ ಇಳಿಸಿದರೆ ಅದು ಇರುವುದೇ ಇಲ್ಲ. ಆಂಪ್ಲಿಫೈಯರ್ ಬೇಕೇ ಬೇಕೆಂದಾದರೆ ನಡುವೆ ಧ್ವನಿಯ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಂಕೇತ ದಾಟುತ್ತದೆ, ಅರ್ತಿನ ಸುತ್ತು ಕಡಿಯುತ್ತದೆ. ತ್ರೀ ಪಿನ್ ಪ್ಲಗ್ಗಿನ ಅರ್ತ್ ಪಿನ್ನನ್ನು ಮುರಿದು ಸದ್ದು ನಿಲ್ಲಿಸುವ ಉಪಾಯವನ್ನು ಮಾತ್ರ ಯಾರೂ ಮಾಡಬಾರದು. ಒಳಗೆ ತಂತಿ ಕಳಚಿ ಪೆಟ್ಟಿಗೆಗೆ ತಾಗಿದ ದಿನ ಪ್ರಾಣ ಉಳಿಸುವುದು ಅದೇ ಪಿನ್. ಹೀಗೆ ಫಿಲ್ಟರಿನ ಕೆಲಸಕ್ಕೆ ಉಳಿಯುವುದು ಟೇಪಿನೊಳಗಿನ 49.3 ಒಂದೇ.

ನಾಚ್ ಫಿಲ್ಟರ್ ಎಂದರೆ ಒಂದು ಆವರ್ತನದಲ್ಲಿ ಧ್ವನಿಯನ್ನು ಪೂರ್ತಿ ಅಳಿಸಿ, ಅದರಿಂದ ದೂರ ಸರಿದಂತೆ ಬೇಗನೆ ಎಲ್ಲವನ್ನೂ ಹಾಗೆಯೇ ಬಿಡುವ ಸಾಧನ. ಅದರ ಅಗಲವನ್ನು Q ಎಂಬ ಸಂಖ್ಯೆ ಹೇಳುತ್ತದೆ, ನಡುವಿನ ಆವರ್ತನವನ್ನು ಅಗಲದಿಂದ ಭಾಗಿಸಿದರೆ ಬರುವುದೇ Q. ಆಡಾಸಿಟಿಯ Notch Filter ತೆರೆದಾಗ ಅದರಲ್ಲಿ ಮೊದಲೇ ತುಂಬಿರುವುದು ಅಮೆರಿಕದ ಕರೆಂಟಿನ 60 ಹರ್ಟ್ಸ್ ಮತ್ತು Q 1. ಆವರ್ತನವನ್ನು ಬದಲಿಸಿ Qವನ್ನು ಹಾಗೆಯೇ ಬಿಡುವವರು ಬಹಳ. 200 ಹರ್ಟ್ಸಿನಲ್ಲಿ Q 1 ಎಂದರೆ ಅಗಲವೂ 200 ಹರ್ಟ್ಸ್, ಭಾಗವತರ ಕಂಠದ ಕೆಳಭಾಗವೇ ಹಾರಿಹೋಗುತ್ತದೆ. ಹಾಗಾದರೆ ಕೂದಲೆಳೆಯಷ್ಟು ತೆಳ್ಳಗೆ ಕತ್ತರಿಸಿದರೆ ಮುಗಿಯಿತಲ್ಲ ಎಂದರೆ, ಅಲ್ಲಿ ಇನ್ನೊಂದು ಲೆಕ್ಕ ಎದುರಾಗುತ್ತದೆ. ನಾಚ್ ಪೂರ್ತಿ ಅಳಿಸುವುದು ನಟ್ಟನಡುವಿನ ಒಂದೇ ಬಿಂದುವಿನಲ್ಲಿ. ಸದ್ದು ನಡುವಿನಿಂದ ಒಂದಿಷ್ಟು ಸರಿದರೆ, ಆ ಸರಿದ ದೂರದ ಸುಮಾರು ಇಪ್ಪತ್ತರಷ್ಟು ಅಗಲವಿದ್ದಾಗ ಮಾತ್ರ 20 ಡೆಸಿಬೆಲ್ ಇಳಿತ ಸಿಗುತ್ತದೆ. ಕಾರ್ಯಕ್ರಮದುದ್ದಕ್ಕೂ ಆವರ್ತನ 49.3ರಿಂದ ಆಚೆಗೆ 0.2, ಈಚೆಗೆ 0.2 ಅಲೆದಿದೆ ಎಂದರೆ ಮೂಲದಲ್ಲಿ 4 ಹರ್ಟ್ಸ್ ಅಗಲ ಬೇಕು. ಹತ್ತನೆಯ ಹಾರ್ಮೋನಿಕ್ ಹತ್ತರಷ್ಟು ಅಲೆಯುವುದರಿಂದ ಅಲ್ಲಿ 40 ಹರ್ಟ್ಸ್ ಬೇಕು. ಎರಡು ಹಾರ್ಮೋನಿಕ್‌ಗಳ ನಡುವಿನ ಅಂತರವೇ 49. ಕತ್ತರಿಸಿದ ಮೇಲೆ ಉಳಿಯುವುದೇನು?

ದಾರಿ ಇರುವುದು ಧ್ವನಿಯನ್ನು ತುಂಡು ಮಾಡುವುದರಲ್ಲಿ. ಜಾಲದ ಆವರ್ತನ ಒಮ್ಮೆಲೇ ಜಿಗಿಯುವುದು ಅಪರೂಪ, ಸಾಮಾನ್ಯವಾಗಿ ನಿಧಾನವಾಗಿ ಜಾರುತ್ತದೆ. ಕಡತವನ್ನು ಐದೈದು ನಿಮಿಷದ ತುಂಡುಗಳಾಗಿ ಮಾಡಿ, ಪ್ರತಿ ತುಂಡಿನಲ್ಲೂ ಇಪ್ಪತ್ತನೆಯ ಗೆರೆಯಿಂದ ಮೂಲವನ್ನು ಹೊಸದಾಗಿ ಅಳೆದುಕೊಳ್ಳಬೇಕು. ನಮ್ಮ ಮಾದರಿಯ ಒಂದು ತುಂಡಿನಲ್ಲಿ ಅಲೆದಾಟ 0.05 ಹರ್ಟ್ಸಿಗೆ ಇಳಿಯಿತು ಎನ್ನಿ. ಈಗ ಮೂಲಕ್ಕೆ 1 ಹರ್ಟ್ಸ್ ಅಗಲ ಸಾಕು, ಅಂದರೆ Q ಸುಮಾರು 50. ಮೇಲಿನ ಹಾರ್ಮೋನಿಕ್‌ಗಳು ಮೊದಲೇ ಕ್ಷೀಣ, ಅವನ್ನು ಪೂರ್ತಿ ಅಳಿಸಬೇಕಿಲ್ಲ, ಟೇಪಿನ ‘ಸ್ಸ್’ ಸದ್ದಿನೊಳಗೆ ಮುಳುಗಿಸಿದರೆ ಸಾಕು. ಇಪ್ಪತ್ತನೆಯದಕ್ಕೆ 12 ಡೆಸಿಬೆಲ್ ಇಳಿತ ಸಾಕೆಂದಾದರೆ 8 ಹರ್ಟ್ಸ್ ಅಗಲ, Q ಸುಮಾರು 120. ಆ ಮಟ್ಟದಲ್ಲಿ ಕಂಠದ ಆರರಲ್ಲಿ ಒಂದು ಭಾಗವನ್ನು ತೆತ್ತಂತಾಯಿತು, ಇದಕ್ಕಿಂತ ಹೆಚ್ಚು ತೆರಬಾರದು ಎಂಬುದು ನನ್ನ ಅಭಿಪ್ರಾಯ. ಅದಕ್ಕೂ ಮೇಲೆ ಟೇಪಿನ ನಡುಕವೇ ಗೆರೆಯನ್ನು ಹರಡಿಬಿಟ್ಟಿರುತ್ತದೆ, ಅಲ್ಲಿ ಉಳಿದ ‘ಜರ್ರ್’ ಸದ್ದನ್ನು ಒಪ್ಪಿಕೊಳ್ಳುವುದೇ ಸರಿ. ಈ ಕೆಲಸವನ್ನೆಲ್ಲ ಹೆಡ್‌ಫೋನ್ ಹಾಕಿಕೊಂಡೇ ಮಾಡಬೇಕು. ಮೊಬೈಲಿನ ಪುಟ್ಟ ಸ್ಪೀಕರು 50, 100 ಹರ್ಟ್ಸನ್ನು ಹೊರಡಿಸುವುದೇ ಇಲ್ಲ, ಅದರಲ್ಲಿ ಕೇಳಿ ಸದ್ದು ಹೋಯಿತು ಎಂದುಕೊಂಡರೆ ದೊಡ್ಡ ಸ್ಪೀಕರಿನಲ್ಲಿ ಅದು ಇಡಿಯಾಗಿ ಎದುರಿಗೆ ಬರುತ್ತದೆ.

ಇಷ್ಟು ಮಾಡಿದರೂ ಹಾಡಿಗೆ ಪೆಟ್ಟು ಬೀಳುವ ಜಾಗಗಳಿವೆ. ಭಾಗವತರ ಶ್ರುತಿ ಕಪ್ಪು ಮೂರು ಎನ್ನಿ, ಅವರ ಷಡ್ಜ 185 ಹರ್ಟ್ಸ್. ಅದರ ಮಧ್ಯಮ 246.7. ನಮ್ಮ ಮಾದರಿಯ ಐದನೆಯ ಹಾರ್ಮೋನಿಕ್ 246.5! ಐದನೆಯ ನಾಚ್ ಮಧ್ಯಮದ ಮೂಲವನ್ನೂ ಹತ್ತನೆಯದು ಅದರ ಎರಡರಷ್ಟನ್ನೂ ನುಂಗುತ್ತವೆ. ಕಂಠದಲ್ಲಿ ಕಂಪನವಿರುವುದರಿಂದ ಭಾಗವತರ ಸ್ವರ ಆ ತೆಳು ಗೆರೆಯನ್ನು ದಾಟುತ್ತ ಹೋಗುತ್ತದೆ, ನಷ್ಟ ಅಷ್ಟಾಗಿ ತಿಳಿಯದು. ಆದರೆ ಹಾರ್ಮೋನಿಯಂನಲ್ಲಿ ಮಧ್ಯಮ ಹಿಡಿದಿಟ್ಟಿದ್ದರೆ ಆ ಸ್ವರ ಅಲುಗದೆ ನಿಂತಿರುತ್ತದೆ, ಅದರ ತುಂಬುತನ ಕಣ್ಮರೆಯಾಗುತ್ತದೆ. ಚೆಂಡೆಯದು ಬೇರೆಯದೇ ತೊಂದರೆ. ತೆಳ್ಳಗಿನ ಫಿಲ್ಟರ್ ಬೇಗ ಸುಮ್ಮನಾಗದು. 2 ಹರ್ಟ್ಸ್ ಅಗಲದ ನಾಚ್ ಒಂದು ಪೆಟ್ಟು ಬಿದ್ದ ಮೇಲೆ 60 ಡೆಸಿಬೆಲ್ ಇಳಿಯಲು ಒಂದು ಸೆಕೆಂಡಿಗೂ ಹೆಚ್ಚು ಹೊತ್ತು ಸಣ್ಣಗೆ ಅನುರಣಿಸುತ್ತಿರುತ್ತದೆ. ಇಪ್ಪತ್ತು ನಾಚ್‌ಗಳು ಒಟ್ಟಿಗೆ ಅನುರಣಿಸಿದರೆ, ಎಲ್ಲವೂ 49.3ರ ಗುಣಕಗಳೇ ಆದ್ದರಿಂದ, ಪ್ರತಿ 20 ಮಿಲಿಸೆಕೆಂಡಿಗೊಮ್ಮೆ ಪೆಟ್ಟಿನ ಮಸುಕು ನೆರಳು ಮರುಕಳಿಸುತ್ತದೆ. ಅದು ನಾವು ತೆಗೆಯಹೊರಟ ‘ಜರ್ರ್’ ಸದ್ದಿನದೇ ರೂಪ. ಚೆಂಡೆಯ ಪೆಟ್ಟಿನ ಹಿಂದೆ ಹಿಂದೆ ಸಣ್ಣ ಜರಜರ ಕೇಳಿದರೆ ಟೇಪನ್ನು ದೂರಬೇಡಿ, ಫಿಲ್ಟರುಗಳ ಸಂಖ್ಯೆಯನ್ನು ಇಳಿಸಿ. ಈ ಎರಡೂ ಕಾರಣಕ್ಕೆ ಪದ್ಯದ ಭಾಗಗಳಿಗೆ ಮೊದಲ ಮೂರು ನಾಲ್ಕು ನಾಚ್‌ಗಳಷ್ಟೇ ಸಾಕು, ಉಳಿದ ಸದ್ದನ್ನು ಚೆಂಡೆ ಮದ್ದಲೆಗಳೇ ಮರೆಮಾಡುತ್ತವೆ. ಇಪ್ಪತ್ತೂ ಬೇಕಾಗುವುದು ಅರ್ಥದ ಭಾಗಗಳಿಗೆ, ಅಲ್ಲಿ ಮೌನವಿದೆ.

ಇಷ್ಟು ಪಾಡೇಕೆ, 150ರಿಂದ ಕೆಳಗಿನದನ್ನೆಲ್ಲ ಒಮ್ಮೆಗೇ ಕತ್ತರಿಸಬಾರದೇ ಎಂದು ಕೇಳಬಹುದು. ‘ಗುಂಯ್’ ಹೋಗುತ್ತದೆ, ‘ಜರ್ರ್’ ಅಲ್ಲಾಡುವುದಿಲ್ಲ, ಅರ್ಥಧಾರಿಯ ಗಂಡುದನಿಯ ಗಾಂಭೀರ್ಯ ಮಾತ್ರ ಹೋಗಿರುತ್ತದೆ. ಸದ್ದಿನ ಮಾದರಿಯನ್ನು ತೋರಿಸಿದರೆ ತಾನೇ ಕಳೆಯುವ ನಾಯ್ಸ್ ರಿಡಕ್ಷನ್ ಇದೆಯಲ್ಲ ಎಂಬುದು ಇನ್ನಷ್ಟು ಗಟ್ಟಿಯಾದ ಆಕ್ಷೇಪ. ಅದು ಟೇಪಿನ ‘ಸ್ಸ್’ ಸದ್ದಿಗೆ ಒಳ್ಳೆಯದು. ಆದರೆ ಅದು ಕೆಲಸ ಮಾಡುವುದು ಅಗಲವಾದ ಪಟ್ಟಿಗಳಲ್ಲಿ, ಗೆರೆಯ ಜೊತೆಗೆ ಗೆರೆಯ ಅಕ್ಕಪಕ್ಕದ ಮಾತಿನ ತುದಿಗಳನ್ನೂ ಸವರುತ್ತದೆ. ಮಾದರಿ ತೆಗೆದ ಜಾಗದಿಂದ ಆವರ್ತನ ಜಾರಿದ ಮೇಲೆ ಮೇಲಿನ ಗೆರೆಗಳನ್ನು ಹಿಡಿಯುವುದೂ ಇಲ್ಲ. ನಾಚ್ ಮೊದಲು, ಅದರ ಮೇಲೆ ಬೇಕಿದ್ದರೆ ಹಗುರವಾಗಿ ಇದು ಎಂಬ ಅನುಕ್ರಮ ಸರಿ. ಮೂರನೆಯ ಸಲಹೆ ಹೆಚ್ಚು ಆಕರ್ಷಕ: ಕರೆಂಟು 50 ಇರಲೇಬೇಕಾದ್ದರಿಂದ ಸದ್ದು 50ಕ್ಕೆ ಬರುವಂತೆ ಟೇಪಿನ ವೇಗವನ್ನೇ ತಿದ್ದಿದರೆ ಶ್ರುತಿಯೂ ಸರಿಯಾಗುತ್ತದೆ ಎಂಬುದು. ಆವರ್ತನ ಕಟ್ಟುನಿಟ್ಟಾಗಿದ್ದ ದೇಶಗಳಲ್ಲಿ ಇದು ನಡೆಯುತ್ತದೆ. ನಮ್ಮ 49.3 ಸರಿಯಾದ ವೇಗದಲ್ಲಿ ಓಡಿದ 49.3ರ ಕರೆಂಟೂ ಇರಬಹುದು, ಶೇಕಡಾ 1ರಷ್ಟು ವೇಗವಾಗಿ ಓಡಿದ 48.8ರ ಕರೆಂಟೂ ಇರಬಹುದು. 2003ಕ್ಕಿಂತ ಹಿಂದಿನ ನಮ್ಮ ಕ್ಯಾಸೆಟ್ಟುಗಳಲ್ಲಿ ಕರೆಂಟಿನ ಸದ್ದು ವೇಗದ ಸಾಕ್ಷಿಯಾಗದು. ಫಿಲ್ಟರಿಗೆ ಮಾತ್ರ ಈ ಗೊಂದಲ ಬಾಧಿಸುವುದಿಲ್ಲ, ಅದಕ್ಕೆ ಬೇಕಾದದ್ದು ಕಡತದಲ್ಲಿ ಈಗ ಇರುವ ಸಂಖ್ಯೆ.

ಕೊನೆಗೆ, ಆ ಸದ್ದಿಗೂ ಒಂದು ಬೆಲೆಯಿದೆ. ಜಾಲದ ಆವರ್ತನದ ಏರಿಳಿತವನ್ನು ಧ್ವನಿಮುದ್ರಿಕೆಯೊಳಗಿನ ಸದ್ದಿನೊಂದಿಗೆ ಹೋಲಿಸಿ ಅದು ಯಾವಾಗ ಮುದ್ರಿತವಾಯಿತು, ನಡುವೆ ಕತ್ತರಿ ಬಿದ್ದಿದೆಯೇ ಎಂದು ಪತ್ತೆ ಮಾಡುವ ವಿಧಾನವನ್ನು ರೊಮೇನಿಯಾದ ಕತಾಲಿನ್ ಗ್ರಿಗೊರಾಸ್ ರೂಢಿಗೆ ತಂದರು, ನ್ಯಾಯಾಲಯದ ಧ್ವನಿಪರೀಕ್ಷೆಯಲ್ಲಿ ಅದು ಬಳಕೆಯಲ್ಲಿದೆ. ನಾಚ್ ಹಾಕಿದ ಕಡತದಿಂದ ಆ ಸಾಕ್ಷ್ಯವನ್ನು ಮರಳಿ ಪಡೆಯಲಾಗದು. ನಿಮ್ಮ ಮನೆಯಲ್ಲಿ ತಾಳಮದ್ದಲೆಯ ಹಳೆಯ ಕ್ಯಾಸೆಟ್ಟುಗಳಿದ್ದರೆ, ಟೇಪು ಹಾಳಾಗುವ ಮೊದಲು ಒಮ್ಮೆ ಬ್ಯಾಟರಿಯ ಮೇಲಿನ ಲ್ಯಾಪ್‌ಟಾಪಿಗೆ 24 ಬಿಟ್‌ನ WAV ಕಡತವಾಗಿ ಇಳಿಸಿ, ಆ ಕಡತಕ್ಕೆ ಯಾವ ಫಿಲ್ಟರನ್ನೂ ಹಾಕದೆ ಎರಡು ಕಡೆ ಜೋಪಾನವಾಗಿಡಿ. ಸದ್ದು ತೆಗೆಯುವ ಕೆಲಸವೆಲ್ಲ ಅದರ ನಕಲಿನ ಮೇಲೆ ನಡೆಯಲಿ. ಪ್ರತಿ ತುಂಡಿಗೂ ಅಳೆದ ಮೂಲ ಆವರ್ತನ ಎಷ್ಟು, ಯಾವ ಹಾರ್ಮೋನಿಕ್‌ಗೆ Q ಎಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ನಾಳೆ ಇನ್ನೊಬ್ಬರು ಇದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡಬೇಕೆಂದಾಗ ಅವರಿಗೆ ಬೇಕಾಗುವುದು ಆ ಮೂಲ ಕಡತ ಮತ್ತು ಆ ಹಾಳೆ.